ಇಪ್ಪತ್ತನೇ ನಿಮಿಷಕ್ಕೆ ಬಂದ ಕೇಳುಗ

ಜೂನ್ ಇನ್ನೇನು ಬಂತು ಎನ್ನುವ ಹೊತ್ತಿಗೆ ರೇಡಿಯೊದಲ್ಲಿ ಅರ್ಧ ಗಂಟೆಯ ನೇರ ಫೋನ್-ಇನ್ ಕಾರ್ಯಕ್ರಮ ನಡೆಯುತ್ತಿದೆ ಎಂದಿಟ್ಟುಕೊಳ್ಳಿ. ವಿಷಯ ಅಡಿಕೆಯ ಕೊಳೆರೋಗ. ಇಪ್ಪತ್ತನೇ ನಿಮಿಷಕ್ಕೆ ಒಂದು ಕರೆ ಬರುತ್ತದೆ: “ನಮಸ್ಕಾರ ಸಾರ್, ಬೋರ್ಡೋಕ್ಕೆ ಮೈಲುತುತ್ತ ಎಷ್ಟು ಹಾಕ್ಬೇಕು?” ಸ್ಟುಡಿಯೊದಲ್ಲಿ ಕೂತ ವಿಜ್ಞಾನಿ ಅದನ್ನು ನಾಲ್ಕನೇ ನಿಮಿಷದಲ್ಲೇ ಹೇಳಿಬಿಟ್ಟಿದ್ದಾರೆ. ನಿರೂಪಕರ ದನಿಯಲ್ಲಿ ಸಣ್ಣ ಬೇಸರ ಇಣುಕುತ್ತದೆ. “ಸಾರ್ ಆಗಲೇ ಹೇಳಿದ ಹಾಗೆ...” ಎಂದು ಶುರು ಮಾಡುತ್ತಾರೆ.

ಆ ಬೇಸರಕ್ಕೆ ಅರ್ಥವಿಲ್ಲ. ಕರೆ ಮಾಡಿದವರು ತೋಟದಿಂದ ಬಂದು, ಕೈಕಾಲು ತೊಳೆದು, ರೇಡಿಯೊ ಹಾಕಿದಾಗ ಹದಿನೈದು ನಿಮಿಷ ಕಳೆದಿತ್ತು. ಪತ್ರಿಕೆಯಾದರೆ ಪುಟ ಹಿಂದಕ್ಕೆ ತಿರುಗಿಸಬಹುದು. ಗಾಳಿಯಲ್ಲಿ ಹೋದ ಮಾತನ್ನು ಹಿಡಿದು ತರಲಾಗದು. ಮೊದಲಿನಿಂದ ಕೇಳುತ್ತಿದ್ದವರೂ ಪೂರ್ತಿ ಕೇಳಿರುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ, ದನ ಕೂಗಿರುತ್ತದೆ, ಅಂಗಳಕ್ಕೆ ಯಾರೋ ಬಂದಿರುತ್ತಾರೆ. ನಾಲ್ಕನೇ ನಿಮಿಷದ ಮಾತನ್ನು ಇಪ್ಪತ್ತನೇ ನಿಮಿಷದಲ್ಲಿ ಯಾರಾದರೂ ಕೇಳಿದರೆ ಅದರರ್ಥ ಇಷ್ಟೇ: ನಡುವಿನ ಹದಿನಾರು ನಿಮಿಷ ನಾವು ಆ ಮಾತನ್ನು ಮತ್ತೆ ಎತ್ತಿಲ್ಲ.

ಎಫ್‌ಎಂ ಸ್ಟುಡಿಯೊಗಳಲ್ಲಿ ಹೀಗೆ ಆಗಾಗ ವಿಷಯವನ್ನು ಮತ್ತೆ ನೆಲೆಗೆ ತಂದು ನಿಲ್ಲಿಸುವುದಕ್ಕೆ ರೀಸೆಟ್ ಎನ್ನುತ್ತಾರೆ. ಇದರ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಬೇಸ್‌ಬಾಲ್ ವೀಕ್ಷಕ ವಿವರಣೆಗಾರ ರೆಡ್ ಬಾರ್ಬರ್ ಅವರದು. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಆಟಗಳನ್ನು ರೇಡಿಯೊದಲ್ಲಿ ವಿವರಿಸುತ್ತಿದ್ದ ಅವರು ಮೈಕಿನ ಪಕ್ಕದಲ್ಲಿ ಮೊಟ್ಟೆ ಬೇಯಿಸುವಾಗ ಇಡುವಂಥ ಮೂರು ನಿಮಿಷದ ಮರಳು ಗಡಿಯಾರವೊಂದನ್ನು ಇಟ್ಟುಕೊಳ್ಳುತ್ತಿದ್ದರು. ಮರಳು ಕೆಳಗಿಳಿದು ಮುಗಿದರೆ ಸ್ಕೋರ್ ಹೇಳಿ ಗಡಿಯಾರವನ್ನು ತಿರುಗಿಸಿಡುವುದು. ಕ್ರಿಕೆಟ್‌ನಲ್ಲಿ ಈ ತಾಪತ್ರಯ ಕಡಿಮೆ, ಆರು ಎಸೆತ ಮುಗಿದರೆ ಓವರೇ ಗಡಿಯಾರದ ಕೆಲಸ ಮಾಡುತ್ತದೆ. ಬೇಸ್‌ಬಾಲ್‌ನ ಇನಿಂಗ್ಸ್‌ಗೆ ಅಂಥ ಅಳತೆ ಇಲ್ಲ. ಆಟದ ಬಿಸಿಯಲ್ಲಿ ಮಾತಾಡುವವನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸ್ಕೋರ್ ತನಗೆ ಗೊತ್ತಿರುವುದರಿಂದ ಎಲ್ಲರಿಗೂ ಗೊತ್ತು ಎಂದೇ ಅವನಿಗೆ ಅನಿಸುತ್ತಿರುತ್ತದೆ. ಬಾರ್ಬರ್ ತಮ್ಮ ಅಂದಾಜನ್ನು ನಂಬದೆ ಮರಳನ್ನು ನಂಬಿದರು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಅದೇ.

ಆದರೆ ಸ್ಕೋರ್ ಎಂದರೆ ಐದು ಸೆಕೆಂಡಿನ ಮಾತು, ಅದೂ ಆಗಾಗ ಬದಲಾಗುತ್ತಿರುತ್ತದೆ. ಹಾಗಾಗಿ ಎಷ್ಟು ಸಲ ಹೇಳಿದರೂ ಯಾರಿಗೂ ಬೇಸರವಿಲ್ಲ. ಕೊಳೆರೋಗದ ಸಲಹೆ ಹಾಗಲ್ಲ. ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಅದು ಒಂದೇ. ಅದನ್ನೇ ಐದು ಸಲ ಹೇಳಿದರೆ ಮೊದಲಿನಿಂದ ಕೂತವರು ಸ್ಟೇಷನ್ ಬದಲಿಸುತ್ತಾರೆ, ಒಮ್ಮೆಯೇ ಹೇಳಿದರೆ ತಡವಾಗಿ ಬಂದವರಿಗೆ ಸಿಗುವುದಿಲ್ಲ. ನಿರೂಪಕರ ಕೆಲಸ ಇರುವುದು ಈ ಇಕ್ಕಟ್ಟಿನಲ್ಲಿ.

ಮೊದಲು ಆಗಬೇಕಾದದ್ದು ತಿರುಳನ್ನು ಸುಲಿದು ತೆಗೆಯುವ ಕೆಲಸ, ಅದೂ ಕಾರ್ಯಕ್ರಮಕ್ಕೆ ಮೊದಲೇ. ವಿಜ್ಞಾನಿಯ ಬಳಿ ಹತ್ತಾರು ಸಂಗತಿಗಳಿರುತ್ತವೆ. ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ರೋಗಾಣು, ಅದು ಹಬ್ಬುವುದು ಮಳೆಯ ತೇವದಲ್ಲಿ, ಉದುರಿದ ಕಾಯಿಗಳನ್ನು ಆರಿಸಿ ತೋಟದಿಂದ ಹೊರಹಾಕಬೇಕು, ಬಸಿಗಾಲುವೆ ಸರಿಯಿರಬೇಕು, ದ್ರಾವಣ ಎಲೆಗೆ ಬಿದ್ದರೆ ಸಾಲದು, ಕೊನೆಗೇ ತಾಗಬೇಕು, ಮೊದಲ ಸಿಂಪಡಣೆಯ ನಂತರ 40–45 ದಿನಕ್ಕೆ ಇನ್ನೊಂದು, ಹೀಗೆ. ಎಲ್ಲವನ್ನೂ ಮತ್ತೆ ಮತ್ತೆ ಹೇಳಲಾಗದು. ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಬ್ಬ ರೈತ ಒಂದೇ ಒಂದು ನಿಮಿಷ ರೇಡಿಯೊ ಕೇಳಿ ಎದ್ದು ಹೋದರೆ, ನಾಳೆ ತೋಟದಲ್ಲಿ ತಪ್ಪು ಮಾಡದಿರಲು ಅವನ ಕಿವಿಯಲ್ಲಿ ಏನು ಉಳಿದಿರಬೇಕು? ಕೊಳೆರೋಗದ ಮಟ್ಟಿಗೆ ಉತ್ತರ ಹೀಗೆ ನಿಲ್ಲುತ್ತದೆ: “ಮಳೆ ಹಿಡಿಯುವ ಮೊದಲೇ, ಕೊನೆಗೆ ತಾಗುವ ಹಾಗೆ ಬೋರ್ಡೋ ಹೊಡೆಯಿರಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ.” ರೋಗಾಣುವಿನ ಹೆಸರು ಇದರಲ್ಲಿಲ್ಲ. ಅದು ಗೊತ್ತಿಲ್ಲದೆಯೂ ಔಷಧಿ ಹೊಡೆಯಬಹುದು, ಅಳತೆ ಗೊತ್ತಿಲ್ಲದೆ ಆಗದು.

ಈ ಎರಡು ವಾಕ್ಯವನ್ನು ಅರ್ಧ ಗಂಟೆಯಲ್ಲಿ ಐದು ಕಡೆ ಇಡಬೇಕು. ಗುಟ್ಟು ಇಷ್ಟೇ: ಪ್ರತಿ ಸಲವೂ ಅದು ಹೊಸದೊಂದು ಸಂಗತಿಯ ಬೆನ್ನೇರಿ ಬರಬೇಕು. ಹೊಸಬನಿಗೆ ತಿರುಳು ಸಿಗುತ್ತದೆ, ಹಳಬನಿಗೆ ಹೊಸ ಸಂಗತಿ ಸಿಗುತ್ತದೆ, ತಿರುಳು ಮರುಕಳಿಸಿದ್ದು ಅವನ ಗಮನಕ್ಕೇ ಬರುವುದಿಲ್ಲ.

ಒಂದು ಕಾರ್ಯಕ್ರಮವನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡೋಣ. ಆರಂಭದಲ್ಲಿ ತಿರುಳನ್ನು ನೇರವಾಗಿ ಹೇಳುವುದು. ಅದಕ್ಕೆ ಯಾವ ಅಲಂಕಾರವೂ ಬೇಡ. ನಂತರ ವಿಜ್ಞಾನಿ ರೋಗದ ಲಕ್ಷಣ ವಿವರಿಸುತ್ತಾರೆ, ಒಂದು ಕರೆ ಬಂದು ಹೋಗುತ್ತದೆ. ಆರನೇ ನಿಮಿಷದ ಹೊತ್ತಿಗೆ ನಿರೂಪಕರು ತಿರುಳನ್ನು ಪ್ರಶ್ನೆಯೊಳಗೆ ಅಡಗಿಸುತ್ತಾರೆ: “ಸಾರ್, ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಅಂದ್ರಿ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಕಿದ್ರೆ ಆಗಲ್ವಾ?” ಆಗದು ಎನ್ನುತ್ತಾರೆ ವಿಜ್ಞಾನಿ. ಮೈಲುತುತ್ತವನ್ನು 50 ಲೀಟರಿನಲ್ಲಿ ಬೇರೆಯಾಗಿ ಕರಗಿಸಬೇಕು, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ. ಆಮೇಲೆ ಸುಣ್ಣದ ನೀರನ್ನು ಕಲಕುತ್ತಾ ಅದಕ್ಕೆ ಮೈಲುತುತ್ತದ ನೀರು ಹೊಯ್ಯಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಲಿ, ಕಬ್ಬಿಣದ್ದು ಬೇಡ. ಕೇಳುಗನ ಮನಸ್ಸು ಈ ವಿಧಾನದ ಮೇಲಿದೆ. ಅಳತೆ ಎರಡನೇ ಸಲ ಬಂದು ಹೋಯಿತು.

ಹನ್ನೆರಡನೇ ನಿಮಿಷಕ್ಕೆ ಒಬ್ಬರು ಕರೆ ಮಾಡಿ ಗೋಳು ತೋಡಿಕೊಳ್ಳುತ್ತಾರೆ ಎನ್ನಿ. ಹೋದ ವರ್ಷ ಔಷಧಿ ಹೊಡೆದರೂ ಕೊಳೆ ಬಂತು. ಇಂಥ ಕರೆ ಬಂದರೆ ನಿರೂಪಕರು ಸಂತೋಷಪಡಬೇಕು, ಏಕೆಂದರೆ ತಪ್ಪನ್ನು ಹುಡುಕುವ ನೆಪದಲ್ಲಿ ತಿರುಳಿನ ಒಂದೊಂದು ಭಾಗವನ್ನೂ ಕೇಳಬಹುದು. “ಯಾವಾಗ ಹೊಡೆಸಿದ್ರಿ, ಮಳೆ ಹಿಡಿಯೋ ಮೊದಲಾ, ಆಮೇಲಾ? ಕೊನೆಗೆ ತಾಗಿತ್ತಾ? ನೂರು ಲೀಟರಿಗೆ ಒಂದು ಕಿಲೊ ಲೆಕ್ಕದಲ್ಲೇ ಹಾಕಿದ್ರಾ?” ಉತ್ತರ ಬರುತ್ತದೆ: ಕೊನೆಗಾರ ಸಿಗದೆ ಜುಲೈ ಆಗಿತ್ತು. ಕಾಯಿ ಉದುರಲು ಶುರುವಾದ ಮೇಲೆ ಹೊಡೆಸಿದ್ದು. ಬೋರ್ಡೋ ರೋಗ ಬಾರದಂತೆ ತಡೆಯುವ ಮದ್ದು, ಕೊಳೆತ ಕಾಯನ್ನು ಅದು ಸರಿಮಾಡದು ಎಂದು ವಿಜ್ಞಾನಿ ಹೇಳುತ್ತಾರೆ. ಮೊದಲಿನಿಂದ ಕೇಳುತ್ತಿದ್ದವರೂ ಇಲ್ಲಿ ಕಿವಿ ನಿಮಿರಿಸುತ್ತಾರೆ, ಏಕೆಂದರೆ ‘ಮಳೆಗೆ ಮೊದಲು’ ಎಂಬ ಮಾತಿಗೆ ಈಗ ಕಾರಣ ಸಿಕ್ಕಿತು.

ಹತ್ತೊಂಬತ್ತನೇ ನಿಮಿಷದಲ್ಲಿ ಪರೀಕ್ಷೆಯ ವಿಷಯ. ಒಂದಕ್ಕೊಂದು ಕಿಲೊ ಹಾಕಿದ ಮಾತ್ರಕ್ಕೆ ದ್ರಾವಣ ಸರಿಯಾಯಿತು ಎನ್ನುವಂತಿಲ್ಲ. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ದ್ರಾವಣದಲ್ಲಿ ಹುಳಿ ಉಳಿಯುತ್ತದೆ, ಎಳೆಯ ಭಾಗಗಳು ಸುಡುತ್ತವೆ. ತಿಳಿಯುವುದು ಸುಲಭ. ತಿಕ್ಕಿ ಹೊಳೆಯಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಮಿಶ್ರಿತ ಕಂದು ಲೇಪ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ. ಲೇಪ ಕೂರದಂತಾಗುವ ತನಕ ಸುಣ್ಣದ ನೀರು ಸೇರಿಸುತ್ತಾ ಹೋಗಬೇಕು. ನಿರೂಪಕರು ಇದಕ್ಕೆ ಬಾಗಿಲು ತೆರೆಯುವುದು ಹೀಗೆ: “ನೂರು ಲೀಟರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಹಾಕಿಯಾಯ್ತು, ನೀಲಿ ಬಣ್ಣವೂ ಬಂತು. ಹೊಡೆಯೋಕೆ ತಯಾರಾಗಿದೆ ಅಂತ ಗೊತ್ತಾಗೋದು ಹೇಗೆ?” ಕೊನೆಯದು ಇಪ್ಪತ್ತೇಳನೇ ನಿಮಿಷಕ್ಕೆ, ಅದು ಬಹಿರಂಗವಾದ ಪುನರಾವರ್ತನೆ. ಅಷ್ಟು ಹೊತ್ತಿಗೆ ಕೇಳುಗ ತಾನೇ ಅದನ್ನು ಬಯಸುತ್ತಿರುತ್ತಾನೆ, ಕೈಯಲ್ಲಿ ಪೆನ್ನೂ ಇರಬಹುದು. ‘ಬರೆದುಕೊಳ್ಳಿ’ ಎಂದು ಹೇಳಿ, ನಿಧಾನವಾಗಿ, ಎರಡು ಸಲ.

ನಡುವೆ ಸಮಯವಿದ್ದರೆ ಕಥೆಯೂ ಈ ಕೆಲಸಕ್ಕೆ ಬರುತ್ತದೆ. ಮಳೆ ಕೊನೆಗೆ ಬೀಳದಿರಲೆಂದು ಮಲೆನಾಡಿನವರು ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾಗಿ ಬರೆದರು, ಬೋರ್ಡೋ ಸಿಂಪಡಣೆಯನ್ನು ಇಲ್ಲಿನ ತೋಟಗಳಿಗೆ ತಂದವರೂ ಅವರೇ. ಇದನ್ನು ಅರ್ಧ ನಿಮಿಷ ಹೇಳಿ, “ಕೊಟ್ಟೆ ಕಟ್ಟುತ್ತಿದ್ದುದೂ ಮಳೆ ಹಿಡಿಯುವ ಮೊದಲೇ, ಬೋರ್ಡೋ ಹೊಡೆಯಬೇಕಾದದ್ದೂ ಮಳೆ ಹಿಡಿಯುವ ಮೊದಲೇ” ಎಂದು ಸೇರಿಸಿದರೆ ತಿರುಳು ಇನ್ನೊಮ್ಮೆ ಸಲೀಸಾಗಿ ಬಂದು ಹೋಗುತ್ತದೆ.

ಈ ಜಾಣತನ ನಮ್ಮ ತಾಳಮದ್ದಳೆಯ ಅರ್ಥಧಾರಿಗಳಿಗೆ ಹೊಸದೇನಲ್ಲ. ರಾತ್ರಿಯಿಡೀ ನಡೆಯುವ ಕೂಟಕ್ಕೆ ಜನ ಊಟ ಮುಗಿಸಿಕೊಂಡು ಒಬ್ಬೊಬ್ಬರಾಗಿ ಬರುತ್ತಾರೆ, ನಡುವೆ ತೂಕಡಿಸಿ ಎಚ್ಚರಗೊಳ್ಳುತ್ತಾರೆ. ಪಾತ್ರವೊಂದು ಮಾತಿಗೆ ತೊಡಗುವಾಗ ಪೀಠಿಕೆ ಹಾಕುತ್ತದೆ. ತಾನಾರು, ಈ ತನಕ ಏನಾಯಿತು, ಈಗ ತನ್ನ ಮುಂದಿರುವುದೇನು ಎಂಬುದನ್ನು ತನ್ನ ಕಡೆಯಿಂದ ಹೇಳಿಕೊಳ್ಳುತ್ತದೆ. ಕರ್ಣಪರ್ವದಲ್ಲಿ ಕರ್ಣನ ಪೀಠಿಕೆಯಲ್ಲೂ ಯುದ್ಧ ಯಾವ ಹಂತಕ್ಕೆ ಬಂದಿದೆ ಎಂಬುದು ಬರುತ್ತದೆ, ಶಲ್ಯನ ಪೀಠಿಕೆಯಲ್ಲೂ ಬರುತ್ತದೆ. ಆದರೆ ಒಬ್ಬ ಸೇನಾಪತಿ, ಇನ್ನೊಬ್ಬ ಸಾರಥ್ಯಕ್ಕೆ ಕೂರಬೇಕಾಗಿ ಬಂದ ರಾಜ. ಕಂಡದ್ದು ಒಂದೇ ಯುದ್ಧ, ನೋವು ಬೇರೆ ಬೇರೆ. ತಡವಾಗಿ ಬಂದವನಿಗೆ ಕಥೆ ಎಲ್ಲಿದೆ ಎಂಬುದು ತಿಳಿಯುತ್ತದೆ, ಮೊದಲಿನಿಂದ ಕೂತವನು ಶಲ್ಯನ ವಾದ ಕೇಳಿ ತಲೆದೂಗುತ್ತಾನೆ. ಫೋನ್-ಇನ್‌ನಲ್ಲಿ ಒಬ್ಬೊಬ್ಬ ಕೇಳುಗನ ಕಷ್ಟವೂ ಹೊಸದೊಂದು ಪೀಠಿಕೆಗೆ ದಾರಿ.

ಇಲ್ಲೊಂದು ಅಪಾಯವಿದೆ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹೇಳಿದ್ದನ್ನೇ ಹೇಳಿದಂತೆ ಕೇಳಬಾರದು ಎಂಬ ಆಸೆಯಿಂದ ಬರೆಯುವವರೂ ಮಾತಾಡುವವರೂ ಪದಗಳನ್ನು ಬದಲಿಸುತ್ತಾರೆ. ಶಾಲೆಯಲ್ಲಿ ಪ್ರಬಂಧ ಬರೆಯುವಾಗ ಕಲಿತ ಚಟ ಅದು. ಮೊದಲ ಸಲ ‘ನೂರು ಲೀಟರಿಗೆ ಒಂದು ಕಿಲೊ’, ಎರಡನೇ ಸಲ ‘ಶೇಕಡಾ ಒಂದರ ದ್ರಾವಣ’, ಮೂರನೇ ಸಲ ‘ಒಂದು ಡ್ರಮ್ಮಿಗೆ ಎರಡು ಕಿಲೊ’. ಡ್ರಮ್ಮು 200 ಲೀಟರಿನದಾದ್ದರಿಂದ ವಿಜ್ಞಾನಿಯ ಲೆಕ್ಕಕ್ಕೆ ಮೂರೂ ಒಂದೇ. ಆದರೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೇಳಿದವರಿಗೆ ಒಂದು, ಒಂದು, ಎರಡು ಎಂಬ ಸಂಖ್ಯೆಗಳಷ್ಟೇ ಉಳಿದವು. ಮನೆಯಲ್ಲಿರುವ ಡ್ರಮ್ಮು ನೂರು ಲೀಟರಿನದಾಗಿದ್ದರೆ? ಅದಕ್ಕೂ ಎರಡು ಕಿಲೊ ಬಿತ್ತು. ಹಾಗಾಗಿ ಸುತ್ತಲಿನ ಮಾತು ಎಷ್ಟು ಬೇಕಾದರೂ ಬದಲಾಗಲಿ, ಅಳತೆ ಮತ್ತು ಅಳತೆಯ ಪದಗಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಇರಬೇಕು. ಮೈಲುತುತ್ತವೂ ಅಷ್ಟೇ. ಒಮ್ಮೆ ಮೈಲುತುತ್ತ, ಇನ್ನೊಮ್ಮೆ ತಾಮ್ರದ ಸಲ್ಫೇಟ್, ಮತ್ತೊಮ್ಮೆ ಕಾಪರ್ ಸಲ್ಫೇಟ್ ಎಂದರೆ ಮೂರು ಬಗೆಯ ಔಷಧಿ ಕೊಳ್ಳಬೇಕೇನೋ ಎಂದು ಗಾಬರಿಯಾದೀತು. ಅತಿಥಿಗೂ ಮೊದಲೇ ಹೇಳಿಡಬೇಕು: “ಸಾರ್, ಇವತ್ತು ನಾವಿಬ್ಬರೂ ಮೈಲುತುತ್ತ ಅಂತಲೇ ಅನ್ನೋಣ, ಲೆಕ್ಕ ನೂರು ಲೀಟರಿಗೇ ಇರಲಿ.” ಯಾರಾದರೂ ಡ್ರಮ್ಮಿನ ಲೆಕ್ಕ ಕೇಳಿದರೆ, ಡ್ರಮ್ಮು ಎಷ್ಟು ಲೀಟರಿನದು ಎಂದು ಅವರನ್ನೇ ಕೇಳಿ, ನೂರಕ್ಕೆ ಒಂದರಿಂದ ಶುರು ಮಾಡಿ, ಅಲ್ಲಿಂದ ಗುಣಿಸಿ ಹೇಳಬೇಕು.

ಬಾಯಿತಪ್ಪಿಯೂ ಬಾರದಿದ್ದರೆ ಒಳ್ಳೆಯದು ಎನಿಸುವ ಒಂದು ಮಾತಿದೆ. ‘ಈಗಷ್ಟೇ ನಮ್ಮ ಜೊತೆ ಸೇರಿಕೊಂಡವರಿಗಾಗಿ ಇನ್ನೊಮ್ಮೆ ಹೇಳುತ್ತಿದ್ದೇನೆ’ ಎಂಬುದು. ಮೊದಲಿನಿಂದ ಕೇಳುತ್ತಿದ್ದವರಿಗೆ ಇದು ‘ಇನ್ನು ಅರ್ಧ ನಿಮಿಷ ನಿಮಗೇನೂ ಇಲ್ಲಿಲ್ಲ’ ಎಂದು ಸಾರಿದಂತೆ. ಹೇಳಬೇಕಾದದ್ದನ್ನು ಹೇಳಿಬಿಡಿ, ಯಾರಿಗೆಂದು ವಿಳಾಸ ಬರೆಯಬೇಡಿ. ಇಡೀ ಕಾರ್ಯಕ್ರಮದಲ್ಲಿ ಒಮ್ಮೆ ಬಂದರೆ ಕ್ಷಮಿಸಬಹುದು.

ಮಾತಾಡುತ್ತಿರುವುದು ಯಾರು ಎಂಬುದೂ ತಿರುಳಿನ ಭಾಗವೇ. ಅರ್ಧ ಗಂಟೆ ‘ಸಾರ್’, ‘ಡಾಕ್ಟ್ರೇ’ ಎಂದಷ್ಟೇ ಕರೆಯುತ್ತಿದ್ದರೆ ನಡುವೆ ಬಂದವನಿಗೆ ಸಲಹೆ ಕೊಡುತ್ತಿರುವವರು ವಿಜ್ಞಾನಿಯೋ ಔಷಧಿ ಅಂಗಡಿಯವರೋ ತಿಳಿಯುವುದಿಲ್ಲ. ಹೆಸರನ್ನು ಮೂರು ನಾಲ್ಕು ನಿಮಿಷಕ್ಕೊಮ್ಮೆ ತರಬಹುದು, ಅದಕ್ಕೆ ತಗಲುವುದು ಎರಡು ಸೆಕೆಂಡು. ಹುದ್ದೆಯನ್ನು ಪೂರ್ತಿ ಓದುವುದಕ್ಕಿಂತ ಅವರ ಕೆಲಸವನ್ನು ಮಾತಿನಲ್ಲಿ ಸೇರಿಸುವುದು ಮೇಲು: “ಇಷ್ಟು ವರ್ಷ ಅಡಿಕೆ ತೋಟ ಸುತ್ತಿದ್ದೀರಿ, ನೀವು ಕಂಡ ಹಾಗೆ...”

ಪೂರ್ತಿ ರೀಸೆಟ್ ಎಷ್ಟು ನಿಮಿಷಕ್ಕೊಮ್ಮೆ? ಮಾತಿನ ಕಾರ್ಯಕ್ರಮಕ್ಕೆ ಆರೇಳು ನಿಮಿಷ ಸರಿ ಎಂಬುದು ನನ್ನ ಅಂದಾಜು. ಅದಕ್ಕಿಂತ ಮುಖ್ಯ, ಅದು ಸಂದಿಯಲ್ಲಿ ಬರಬೇಕು. ಒಂದು ಕರೆ ಮುಗಿದು ಇನ್ನೊಂದು ಬರುವ ಮೊದಲು, ಹಾಡು ಮುಗಿದ ಮೇಲೆ, ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳುವಾಗ. ಗಡಿಯಾರ ನೋಡಿ ಅತಿಥಿಯ ಮಾತನ್ನು ನಡುವೆ ಕತ್ತರಿಸಿ ಸ್ಕೋರ್ ಹೇಳುವಂತೆ ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ. ಹಾಡಿನ ನಂತರದ ಸಂದಿಯನ್ನಂತೂ ಬಿಡಲೇಬಾರದು, ಏಕೆಂದರೆ ಹಾಡು ಕೇಳಿಯೇ ಹೊಸಬರು ಈ ಸ್ಟೇಷನ್ನಿನಲ್ಲಿ ನಿಂತಿರುತ್ತಾರೆ.

ಸರಿಯಾಗಿದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ, ಚಾಕು ಅದ್ದುವಷ್ಟೇ ಸರಳ. ಕಾರ್ಯಕ್ರಮದ ಧ್ವನಿಮುದ್ರಣವನ್ನು ಯಾವುದೋ ಒಂದು ನಿಮಿಷದಿಂದ ಶುರು ಮಾಡಿ, ಅದನ್ನು ಕೇಳಿರದ ಒಬ್ಬರಿಗೆ ಕೇಳಿಸಿ. ಯಾವ ಬೆಳೆ, ಯಾವ ರೋಗ, ಏನು ಮಾಡಬೇಕು, ಹೇಳುತ್ತಿರುವವರು ಯಾರು ಎಂಬ ನಾಲ್ಕು ಪ್ರಶ್ನೆಗೆ ಅವರು ಎಷ್ಟು ಹೊತ್ತಿನಲ್ಲಿ ಉತ್ತರ ಹೇಳುತ್ತಾರೆ ನೋಡಿ. ಏಳು ನಿಮಿಷ ದಾಟಿದರೂ ಗೊತ್ತಾಗದಿದ್ದರೆ ಆ ಜಾಗದಲ್ಲಿ ಕಂದಕವಿದೆ. ಆಮೇಲೆ ಪೂರ್ತಿ ಕೇಳಿದ ಇನ್ನೊಬ್ಬರನ್ನು ‘ಹೇಳಿದ್ದನ್ನೇ ಹೇಳಿದರು ಅನಿಸಿತೇ?’ ಎಂದು ಕೇಳಿ. ಎಲ್ಲಿ ಎಂದು ಅವರು ಬೆರಳಿಟ್ಟು ತೋರಿಸಿದರೆ ಅಲ್ಲಿ ತಿರುಳು ಬರಿಗೈಯಲ್ಲಿ ಬಂದಿದೆ, ಹೊಸ ಸಂಗತಿಯನ್ನು ಹೊತ್ತು ತಂದಿಲ್ಲ. ನೇರ ಪ್ರಸಾರದಲ್ಲಿ ಈ ಪರೀಕ್ಷೆಯನ್ನು ಕರೆಗಳೇ ಮಾಡುತ್ತವೆ. ಅಳತೆ ಕೇಳುವ ಕರೆ ಒಂದು ಬಂದರೆ ಸಹಜ, ಸಾಲಾಗಿ ಬರತೊಡಗಿದರೆ ಮುಂದಿನ ಸಂದಿಗೆ ಕಾಯದೆ ತಿರುಳನ್ನು ಎತ್ತಿಕೊಳ್ಳಬೇಕು.

ಎಲ್ಲ ಕಡೆಯೂ ಹೀಗೆ ವೇಷ ಬದಲಿಸಬೇಕಾಗಿಲ್ಲ. ರೈಲು ನಿಲ್ದಾಣದಲ್ಲಿ ಗಾಡಿಯ ಸಂಖ್ಯೆ, ಪ್ಲಾಟ್‌ಫಾರ್ಮ್ ಸಂಖ್ಯೆಗಳು ಅದದೇ ಧಾಟಿಯಲ್ಲಿ ಭಾಷೆಯಿಂದ ಭಾಷೆಗೆ ಮರಳಿ ಬರುತ್ತವೆ. ಅಲ್ಲಿ ಯಾರೂ ಸೊಗಸನ್ನು ಹುಡುಕುವುದಿಲ್ಲ, ತಮ್ಮ ಗಾಡಿಯ ಸಂಖ್ಯೆಗಾಗಿ ಕಾಯುತ್ತಿರುತ್ತಾರೆ. ಆಕಾಶವಾಣಿಯ ವಾರ್ತೆಗಳ ಕೊನೆಗೆ ಬರುವ ‘ಮತ್ತೊಮ್ಮೆ ಮುಖ್ಯಾಂಶಗಳು’ ಕೂಡ ಹಾಗೆಯೇ. ಕೇಳುಗನಿಗೆ ಅದರ ಜಾಗ ಗೊತ್ತು, ತಡವಾಗಿ ಬಂದವನು ಅದಕ್ಕಾಗಿಯೇ ಕಾಯುತ್ತಾನೆ. ಎಚ್ಚರಿಕೆಯ ಪ್ರಕಟಣೆಗಳನ್ನೂ ಇದ್ದದ್ದು ಇದ್ದ ಹಾಗೆ ಹೇಳುವುದೇ ಸರಿ, ಅಣೆಕಟ್ಟಿನ ಗೇಟು ತೆರೆಯುವ ಸುದ್ದಿಗೆ ಪೀಠಿಕೆ ಹಾಕುತ್ತಾ ಕೂತರೆ ಅಪಚಾರ.

ಇನ್ನು, ಇದೇ ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಮೊಬೈಲಿನಲ್ಲಿ ಬೇಕಾದಾಗ ಕೇಳುವಂತೆ ಹಾಕುವುದಾದರೆ ಲೆಕ್ಕ ಬೇರೆ. ಅಲ್ಲಿ ತಡವಾಗಿ ಬರುವವರು ಇಲ್ಲ, ಎಲ್ಲರೂ ಮೊದಲ ನಿಮಿಷದಿಂದಲೇ ಶುರು ಮಾಡುತ್ತಾರೆ, ಬೇಕಾದರೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹಾಡಿನ ನಂತರದ ಪರಿಚಯ, ಅತಿಥಿಯ ಹೆಸರಿನ ಮರುಕಳಿಕೆ ಇವೆಲ್ಲ ಕತ್ತರಿಸಲು ಯೋಗ್ಯ. ಗಮನ ಬೇರೆಡೆ ಹೋಗುವ ಕಾಟ ಮಾತ್ರ ಅಲ್ಲೂ ಇದೆ. ಹಾಗಾಗಿ ಕರೆ ಮಾಡಿದವರ ಗೋಳು, ಚಾಕುವಿನ ಪರೀಕ್ಷೆ, ಎರಡು ಬೇರೆ ಪಾತ್ರೆಗಳ ಪ್ರಶ್ನೆ ಇವನ್ನು ನಾನು ಮುಟ್ಟುವುದಿಲ್ಲ, ಅವುಗಳೊಳಗೆ ಅಳತೆ ತಾನಾಗಿ ಇದೆ. ಇಪ್ಪತ್ತೇಳನೇ ನಿಮಿಷದ ‘ಬರೆದುಕೊಳ್ಳಿ’ಯನ್ನೂ ಹಾಗೇ ಉಳಿಸುತ್ತೇನೆ. ಮದ್ದು ಬೆರೆಸಲು ನಿಂತವರು ಮೊಬೈಲಿನಲ್ಲಿ ನೇರವಾಗಿ ಕೊನೆಗೇ ಎಳೆದು ಕೇಳುವುದು ಅದನ್ನೇ.